ಇನ್ನೂರು ಕಾಗೆ, ಒಂದು ಟೊಂಗೆ

ಭಾಗ 1/7

ಕಳೆದ ವಾರ ನಮ್ಮ ಕ್ಲಾಸ್ ಗ್ರೂಪ್‌ಗೆ ಒಂದು ಸ್ಕ್ರೀನ್‌ಶಾಟ್ ಬಂತು. ನಿಫ್ಟಿ 50 ಮೇಲೆ ಒಂದು ಟ್ರೇಡಿಂಗ್ ಸ್ಟ್ರ್ಯಾಟಜಿ, ನಾಲ್ಕು ವರ್ಷದ ಬ್ಯಾಕ್‌ಟೆಸ್ಟ್, ಶಾರ್ಪ್ ರೇಷಿಯೋ 1.4. ಗೆರೆ ಎಡದಿಂದ ಬಲಕ್ಕೆ ನೀಟಾಗಿ ಏರಿದೆ. ಕೆಳಗೆ ಮೂವತ್ತು ಬೆಂಕಿ ಎಮೋಜಿ. ರಾತ್ರಿ ಒಬ್ಬ ಜೂನಿಯರ್ ನನಗೆ ಮೆಸೇಜ್ ಮಾಡಿದ: "ಅಣ್ಣಾ, ಸೆಮಿಸ್ಟರ್ ಫೀಸಿಗೆ ಅಂತ ಮನೆಯಿಂದ 60,000 ಬಂದಿದೆ. ಕಟ್ಟೋಕೆ ಇನ್ನೂ ಎರಡು ತಿಂಗಳಿದೆ. ಇದ್ರಲ್ಲಿ ಹಾಕ್ಲಾ?"

ಈ ಸೀರೀಸ್ ಅವನಿಗೆ ನಾನು ಕೊಡ್ತಿರೋ ಉತ್ತರ. ನಿಮಗೂ ಹೌದು.

ಮೊದಲೇ ಹೇಳಿಬಿಡ್ತೀನಿ, ಸ್ಕ್ರೀನ್‌ಶಾಟ್ ಹಾಕಿದ ಗೆಳೆಯ ಮೋಸಗಾರ ಅಲ್ಲ. ಲೆಕ್ಕ ಸರಿ, ಡೇಟಾ ಸರಿ, ಕೋಡೂ ಸರಿ. ನಾನು ಅವನ ಹತ್ರ ಕೇಳಿದ್ದು ಒಂದೇ ಪ್ರಶ್ನೆ: "ಇದು ಸಿಗೋಕೆ ಮುಂಚೆ ಎಷ್ಟು ಟ್ರೈ ಮಾಡಿದ್ದೆ?" ಅವನು ನಗುತ್ತಾ ಹೇಳಿದ, "ಮಗಾ, ಇನ್ನೂರು." ಆ ಇನ್ನೂರು ಸ್ಕ್ರೀನ್‌ಶಾಟ್‌ನಲ್ಲಿ ಎಲ್ಲೂ ಇರಲಿಲ್ಲ. ನನ್ನ ಜಗಳ ಇರೋದು ಅಲ್ಲೇ.

ಭಾಗ 2/7

ಇನ್ನೂರು ಹೇಗಾಯ್ತು? ಅವನದು ಮೂವಿಂಗ್ ಆವರೇಜ್ ಕ್ರಾಸ್‌ಓವರ್. ಸಣ್ಣ ಅವಧಿಯ ಸರಾಸರಿ ದೊಡ್ಡ ಅವಧಿಯ ಸರಾಸರಿಯನ್ನ ದಾಟಿ ಮೇಲೆ ಹೋದ್ರೆ ಕೊಳ್ಳು, ಕೆಳಗೆ ಬಂದ್ರೆ ಮಾರು. ಸಣ್ಣದಕ್ಕೆ 5, 10, 15 ಅಂತ 50 ದಿನದವರೆಗೆ ಹತ್ತು ಆಯ್ಕೆ. ದೊಡ್ಡದಕ್ಕೆ 60, 80 ಅಂತ 240ರವರೆಗೆ ಮತ್ತೆ ಹತ್ತು. ಅಲ್ಲಿಗೆ ನೂರು ಜೋಡಿ. ಪ್ರತಿ ಜೋಡಿಯನ್ನೂ ಸ್ಟಾಪ್‌ಲಾಸ್ ಹಾಕಿ ಒಮ್ಮೆ, ಹಾಕದೆ ಒಮ್ಮೆ ಓಡಿಸಿದ. ಇನ್ನೂರು. ಎರಡು ಫಾರ್ ಲೂಪ್, ಒಂದು ಟೀ ಕುಡಿಯೋ ಹೊತ್ತು. ಆಮೇಲೆ ಶಾರ್ಪ್ ಪ್ರಕಾರ ಸಾಲಾಗಿ ಜೋಡಿಸಿ ಮೇಲಿನದನ್ನ ಗ್ರೂಪ್‌ಗೆ ಹಾಕಿದ.

ಕಾಗೆ ಕೂರೋಕೂ ಟೊಂಗೆ ಮುರಿಯೋಕೂ ಸರಿಹೋಯ್ತು ಅಂತ ನಮ್ಮ ಅಜ್ಜಿಯರು ಹೇಳ್ತಿದ್ರಲ್ಲ, ಅದು ಒಂದು ಕಾಗೆ, ಒಂದು ಟೊಂಗೆಯ ಮಾತು. ಇವನು ಇನ್ನೂರು ಟೊಂಗೆ ಮೇಲೆ ಇನ್ನೂರು ಕಾಗೆ ಕೂರಿಸಿ, ಯಾವ ಟೊಂಗೆ ಮುರೀತೋ ಅದರ ಫೋಟೋ ಮಾತ್ರ ಕಳಿಸಿ "ನೋಡ್ರೋ, ಈ ಕಾಗೆ ಎಷ್ಟು ಭಾರ ಇದೆ" ಅಂತಿದ್ದಾನೆ. ಇದಕ್ಕೆ ಪುಸ್ತಕದ ಹೆಸರು ಡೇಟಾ ಸ್ನೂಪಿಂಗ್. ಒಂದೇ ಡೇಟಾವನ್ನ ಮತ್ತೆ ಮತ್ತೆ ಕೆದಕಿ, ಸಿಕ್ಕಿದ ಒಳ್ಳೇದನ್ನ ಮೊದಲ ಸಲವೇ ಸಿಕ್ಕಿದ್ದು ಅನ್ನೋ ಹಾಗೆ ತೋರಿಸೋದು.

ಭಾಗ 3/7

"ಆದ್ರೂ 1.4 ಅಂದ್ರೆ ಸುಮ್ನೆ ಬರುತ್ತಾ?" ಬರುತ್ತೆ. ನೀವೇ ಓಡಿಸಿ ನೋಡಿ.

```python
import numpy as np
r = np.random.normal(0, 0.01, (1000, 200))
s = r.mean(axis=0) / r.std(axis=0) * 252**0.5
print(s.max())
```

ಇಲ್ಲಿ ಮಾರ್ಕೆಟ್ಟೂ ಇಲ್ಲ, ಐಡಿಯಾನೂ ಇಲ್ಲ. 200 ಸುಳ್ಳು ಸ್ಟ್ರ್ಯಾಟಜಿಗಳು, ಪ್ರತಿಯೊಂದಕ್ಕೂ 1000 ದಿನ, ಅಂದ್ರೆ ಹತ್ತಿರ ಹತ್ತಿರ ನಾಲ್ಕು ವರ್ಷದ ಟ್ರೇಡಿಂಗ್. ಎಲ್ಲದರ ನಿಜವಾದ ಲಾಭ ಸೊನ್ನೆ. ಹತ್ತಾರು ಸಲ ಓಡಿಸಿದ್ರೆ ಗೆದ್ದವನ ಶಾರ್ಪ್ ಸರಾಸರಿ 1.38 ಸುತ್ತಮುತ್ತ ಬರುತ್ತೆ. ಒಮ್ಮೆ 1.2, ಒಮ್ಮೆ 1.6.

ಕಾರಣ ಸರಳ. ಶಾರ್ಪ್ ಅಂದ್ರೆ ಬ್ಯಾಂಕ್ ಬಡ್ಡಿಗಿಂತ ಮೇಲೆ ಬಂದ ಲಾಭವನ್ನ ಅದರ ಏರಿಳಿತದಿಂದ ಭಾಗಿಸಿದ ಸಂಖ್ಯೆ. ಅದನ್ನ ವರ್ಷಗಳ ವರ್ಗಮೂಲದಿಂದ ಗುಣಿಸಿದ್ರೆ ನಮ್ಮ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನ ಟಿ ಸಿಗುತ್ತೆ. ನಾಲ್ಕು ವರ್ಷಕ್ಕೆ ವರ್ಗಮೂಲ 2, ಹಾಗಾಗಿ ಗೆಳೆಯನ ಟಿ 2.8. ಪರೀಕ್ಷೆಯಲ್ಲಿ 2 ದಾಟಿದ್ರೆ ಸಾಕು ಅಂತ ಬರೀತೀವಿ. ಅದು ಒಂದೇ ಒಂದು ಟೆಸ್ಟ್ ಮಾಡಿದ್ರೆ ಮಾತ್ರ. ಏನೂ ಸತ್ವ ಇಲ್ಲದ, ಒಂದಕ್ಕೊಂದು ಸಂಬಂಧ ಇಲ್ಲದ 200 ಟೆಸ್ಟ್ ಮಾಡಿದ್ರೆ ಅದರಲ್ಲಿ ಅತಿ ದೊಡ್ಡ ಟಿ ಸರಾಸರಿ 2.75 ಇರುತ್ತೆ. ನಮ್ಮ ಹುಡುಗನದು 2.8. ಅಂದ್ರೆ ಅವನು ಬೆಟ್ಟ ಹತ್ತಿಲ್ಲ, ಲೂಪ್ ಎಷ್ಟು ಉದ್ದ ಇತ್ತೋ ಅಷ್ಟು ಎತ್ತರಕ್ಕೆ ಹೋಗಿದ್ದಾನೆ, ಅಷ್ಟೇ.

ಭಾಗ 4/7

ಹಾಗಾದ್ರೆ ಒಳ್ಳೆ ರಿಸಲ್ಟನ್ನ ಕಸದ ಬುಟ್ಟಿಗೆ ಹಾಕ್ಬೇಕಾ? ಬೇಡ. ಕತ್ತರಿಸಬೇಕು. ಎಷ್ಟು ಅನ್ನೋದಕ್ಕೆ ಲೆಕ್ಕ ಇದೆ.

```python
from scipy.stats import norm
SR, Y, N = 1.4, 4, 200
p = norm.sf(SR * Y**0.5)
pN = 1 - (1 - p)**N
print(pN, norm.isf(pN) / Y**0.5)
```

ಮೊದಲ ಹೆಜ್ಜೆ: ಒಂದೇ ಟೆಸ್ಟ್ ಆಗಿದ್ರೆ, ಸುಮ್ಮನೆ ಅದೃಷ್ಟದಿಂದ ಟಿ 2.8 ಅಥವಾ ಅದಕ್ಕಿಂತ ಹೆಚ್ಚು ಬರೋ ಸಂಭವ ಎಷ್ಟು? 0.0026, ಸಾವಿರಕ್ಕೆ ಎರಡೂವರೆ. ಸ್ಕ್ರೀನ್‌ಶಾಟ್ ನೋಡಿದವರ ತಲೆಯಲ್ಲಿ ಓಡೋದು ಈ ಸಂಖ್ಯೆ.

ಎರಡನೇ ಹೆಜ್ಜೆ: 200 ಟೆಸ್ಟ್‌ನಲ್ಲಿ ಒಂದಾದ್ರೂ ಹಾಗೆ ಬರೋ ಸಂಭವ ಎಷ್ಟು? 0.40. ನೂರಕ್ಕೆ ನಲವತ್ತು! ನಾಣ್ಯ ಚಿಮ್ಮೋದಕ್ಕೂ ಇದಕ್ಕೂ ಎಷ್ಟು ದೂರ ಹೇಳಿ.

ಮೂರನೇ ಹೆಜ್ಜೆ: ಈ 0.40 ಅನ್ನೋ ಅನುಮಾನಕ್ಕೆ ತಕ್ಕ ಶಾರ್ಪ್ ಯಾವುದು ಅಂತ ಹಿಂದಕ್ಕೆ ಲೆಕ್ಕ ಹಾಕಿ. 0.13 ಬರುತ್ತೆ. 1.4 ಅಂತ ಹಾಕಿದ ಪೋಸ್ಟಿನ ನಿಜವಾದ ಬೆಲೆ 0.13. ಬ್ರೋಕರೇಜ್, ಎಸ್‌ಟಿಟಿ, ಸ್ಲಿಪೇಜ್ ಕಳೆಯೋಕೆ ಮುಂಚೆನೇ!

ಇಲ್ಲಿ ಅವನ ಸ್ಟ್ರ್ಯಾಟಜಿ ಸುಳ್ಳು ಅಂತ ಸಾಬೀತಾಗಿಲ್ಲ, ನೆನಪಿರಲಿ. ಅದು ನಿಜ ಅನ್ನೋಕೆ ಅವನ ಹತ್ರ ಇರೋ ಸಾಕ್ಷಿ ಸಾಲದು ಅಂತ ಮಾತ್ರ ಗೊತ್ತಾಯ್ತು. ಫೀಸ್ ದುಡ್ಡಿನ ವಿಷಯದಲ್ಲಿ ಎರಡೂ ಒಂದೇ.

ಭಾಗ 5/7

ಈಗ ಗೆಳೆಯನ ವಾದ. ನ್ಯಾಯವಾದ ವಾದ, ಅದನ್ನೂ ಕೇಳೋಣ. "ನನ್ನ 200 ಬೇರೆ ಬೇರೆ ಅಲ್ವಲ್ಲೋ. 5-60 ಮತ್ತು 5-80 ಹೆಚ್ಚುಕಡಿಮೆ ಅದೇ ದಿನ ಕೊಳ್ಳುತ್ತೆ, ಅದೇ ದಿನ ಮಾರುತ್ತೆ. ಅವನ್ನ ಎರಡು ಅಂತ ಎಣಿಸೋದು ಅನ್ಯಾಯ."

ಸರಿ. ಒಂದೇ ಮನೆಯ ಕಾಗೆಗಳನ್ನ ಬೇರೆ ಬೇರೆ ಎಣಿಸಬಾರದು. ಅದಕ್ಕೆ ನಾವಿಬ್ಬರೂ ಕೂತು ಆ 200ರ ದಿನದಿನದ ಲಾಭನಷ್ಟದ ಕೋರಿಲೇಷನ್ ನೋಡಿದ್ವಿ. ತುಂಬ ಹೋಲೋವನ್ನ ಒಂದು ಗುಂಪಿಗೆ ಹಾಕಿದ್ವಿ. ಸುಮಾರು 30 ಗುಂಪಾಯ್ತು. ಕೋಡ್‌ನಲ್ಲಿ N ಜಾಗಕ್ಕೆ 30 ಹಾಕಿದ್ರೆ ಸಂಭವ 0.07, ಕತ್ತರಿಸಿದ ಶಾರ್ಪ್ 0.72. ಅವನ ಪರವಾಗಿ ಇಷ್ಟು ಉದಾರವಾಗಿ ಎಣಿಸಿದ್ರೂ ಅರ್ಧ ಹೋಯ್ತು.

ಎಲ್ಲಿ ಗೆರೆ ಎಳೀಬೇಕು ಅನ್ನೋದಕ್ಕೆ ಒಂದೇ ಉತ್ತರ ಇಲ್ಲ. ಹಾಗಾಗಿ ಎರಡೂ ಬರೀರಿ: "0.13ರಿಂದ 0.72ರ ಒಳಗೆ." ನೋಡೋಕೆ ಚೆಂದ ಇಲ್ಲ, ಬೆಂಕಿ ಎಮೋಜಿ ಬರಲ್ಲ, ಆದ್ರೆ ಪ್ರಾಮಾಣಿಕ. ಇನ್ನೊಂದು ಮಿತಿಯೂ ಇದೆ. ಆಪ್ಷನ್ ಮಾರೋ ಸ್ಟ್ರ್ಯಾಟಜಿಗಳು ತಿಂಗಳುಗಟ್ಟಲೆ ಚಿಲ್ಲರೆ ಗಳಿಸಿ ಒಂದೇ ದಿನ ಎಲ್ಲ ಕಳೀತವೆ. ಅಂಥವಕ್ಕೆ ಈ ಸರಳ ಟಿ ಲೆಕ್ಕ ತುಂಬ ಮೃದು, ಇನ್ನೂ ಜೋರಾಗಿ ಕತ್ತರಿಸಬೇಕು.

ಭಾಗ 6/7

ಇನ್ನೊಂದು ವಾದ, ಕಾಮೆಂಟ್‌ನಲ್ಲಿ ಗ್ಯಾರಂಟಿ ಬರೋದು: "ನಾನು ಕೊನೆಯ ಒಂದು ವರ್ಷದ ಡೇಟಾ ಬೇರೆ ಇಟ್ಟಿದ್ದೆ ಬ್ರೋ. ಅದರಲ್ಲೂ ಪಾಸ್ ಆಯ್ತು."

ಬೇರೆ ಇಟ್ಟಿದ್ದು ಒಳ್ಳೇದೇ. ಅದನ್ನ ಎಷ್ಟು ಸಲ ತೆಗೆದು ನೋಡಿದ್ರಿ? ಹತ್ತು ಸ್ಟ್ರ್ಯಾಟಜಿ ಅಲ್ಲಿ ಪರೀಕ್ಷೆ ಮಾಡಿ ಚೆನ್ನಾಗಿರೋದನ್ನ ಇಟ್ಕೊಂಡಿದ್ರೆ, ಅದು ಪರೀಕ್ಷೆ ಅಲ್ಲ, ಎರಡನೇ ಸುತ್ತಿನ ಕೆದಕಾಟ. ಒಂದು ವರ್ಷಕ್ಕೆ ವರ್ಗಮೂಲ 1, ಅಂದ್ರೆ ಶಾರ್ಪೇ ಟಿ. ಸತ್ವ ಇಲ್ಲದ ಹತ್ತು ಸ್ಟ್ರ್ಯಾಟಜಿಗಳಲ್ಲಿ ಗೆದ್ದದ್ದರ ಸರಾಸರಿ ಶಾರ್ಪ್ ಎಷ್ಟು ಗೊತ್ತಾ? 1.54. ನಾಲ್ಕು ವರ್ಷದಲ್ಲಿ 200 ಟ್ರೈ ಮಾಡಿ ಬಂದದ್ದಕ್ಕಿಂತ ಜಾಸ್ತಿ! ಪ್ರಶ್ನೆಪತ್ರಿಕೆಯನ್ನ ಒಮ್ಮೆ ಬಿಡಿಸಿ ನೋಡಿದ ಮೇಲೆ ಅದು ಮಾಡೆಲ್ ಪೇಪರ್ ಅಷ್ಟೇ.

ಇದು ನಮ್ಮಂಥ ಹುಡುಗರ ತಪ್ಪು ಮಾತ್ರ ಅಂದ್ಕೋಬೇಡಿ. ಕ್ಯಾಂಪ್‌ಬೆಲ್ ಹಾರ್ವೆ, ಯಾನ್ ಲಿಯು, ಹೆಚಿಂಗ್ ಝು ಅನ್ನೋ ಮೂವರು 2016ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಷೇರುಗಳ ಲಾಭವನ್ನ ವಿವರಿಸುತ್ತೆ ಅಂತ ವಿದ್ವಾಂಸರು ಹೇಳಿದ 316 ಅಂಶಗಳನ್ನ ಪಟ್ಟಿ ಮಾಡಿದ್ರು. ಇಷ್ಟೊಂದು ಜನ ಒಂದೇ ಡೇಟಾ ಕೆದಕಿರುವಾಗ ಟಿ 2 ಸಾಲದು, ಹೊಸದೇನಾದ್ರೂ ಹೇಳೋರು 3 ದಾಟಬೇಕು ಅಂದ್ರು. ಅದೇ ವರ್ಷ ಮೆಕ್ಲೀನ್ ಮತ್ತು ಪಾಂಟಿಫ್ ಇಂಥ 97 ಅಂಶಗಳನ್ನ ಹಿಂಬಾಲಿಸಿದ್ರು. ಮೂಲ ಅಧ್ಯಯನದ ಅವಧಿ ಮುಗಿದ ಮೇಲೆ ಲಾಭ 26% ಕುಸಿದಿತ್ತು, ಪ್ರಕಟವಾದ ಮೇಲೆ 58%. ಪ್ರೊಫೆಸರ್‌ಗಳು ಪರಿಶೀಲಿಸಿ ಅಚ್ಚು ಹಾಕಿಸಿದ್ದರ ಕಥೆ ಇದು. ನಮ್ಮ ಟೀ ಹೊತ್ತಿನ ಲೂಪ್ ಯಾವ ಲೆಕ್ಕ?

ಭಾಗ 7/7

ಈಗ ಯಾರ ಮೇಲೆ ನನಗೆ ನಿಜವಾದ ಸಿಟ್ಟು ಅಂತ ಹೇಳ್ತೀನಿ. "ಈ ಸ್ಟ್ರ್ಯಾಟಜಿ ನಾಲ್ಕು ವರ್ಷದಲ್ಲಿ ಹಣ ಮೂರು ಪಟ್ಟು ಮಾಡಿದೆ" ಅಂತ ರೀಲ್ ಹಾಕಿ ಕೋರ್ಸ್ ಮಾರೋರ ಮೇಲೆ. ಸಾವಿರ ಪೇಜ್‌ಗಳು ತಲಾ ಒಂದೇ ಸ್ಟ್ರ್ಯಾಟಜಿ ಟ್ರೈ ಮಾಡಿದ್ರೂ, ಗೆದ್ದ ಪೇಜ್ ಮಾತ್ರ ನಿಮ್ಮ ಫೀಡ್‌ಗೆ ಬರುತ್ತೆ. ಆಗ N ಒಂದಲ್ಲ, ಸಾವಿರ. ಕೆದಕಿದ್ದು ಒಬ್ಬನೇ ಆಗಬೇಕಿಲ್ಲ, ಇಡೀ ಊರು ಕೆದಕಿ ಒಬ್ಬನ ಕೈಗೆ ಸಿಕ್ಕಿದ್ರೂ ಅದೇ ಲೆಕ್ಕ.

ನನ್ನ ಬೇಡಿಕೆ ಒಂದೇ: ಬ್ಯಾಕ್‌ಟೆಸ್ಟ್ ಹಾಕೋರು ಪಕ್ಕದಲ್ಲಿ ಟ್ರೈಗಳ ಸಂಖ್ಯೆಯನ್ನೂ ಹಾಕ್ಲಿ. ಅರ್ಧಕ್ಕೆ ಬಿಟ್ಟಿದ್ದು, ಡಿಲೀಟ್ ಮಾಡಿದ್ದು, ಚಾರ್ಟ್ ನೋಡಿ "ಇದು ಆಗಲ್ಲ ಬಿಡು" ಅಂತ ಮನಸ್ಸಲ್ಲೇ ಕೈಬಿಟ್ಟದ್ದು, ಎಲ್ಲ ಸೇರಿಸಿ. ಅದಕ್ಕೆ ಲೂಪ್ ಓಡಿಸೋ ಮೊದಲೇ ಒಂದು ನೋಟ್‌ಬುಕ್‌ನಲ್ಲಿ ಏನೇನು ಟ್ರೈ ಮಾಡ್ತೀನಿ ಅಂತ ಬರೆದಿಡಿ. ಆಮೇಲೆ ನೆನಪಿಸ್ಕೊಂಡು ಎಣಿಸಿದ್ರೆ ನಮ್ಮ ಮನಸ್ಸು ಯಾವಾಗ್ಲೂ ಕಮ್ಮಿ ಎಣಿಸುತ್ತೆ. ಸಂಖ್ಯೆ ಹೇಳದವರ ರಿಸಲ್ಟನ್ನ ಸೊನ್ನೆ ಅಂತಲೇ ಓದಿ.

ಇಷ್ಟು ಖಾರವಾಗಿ ಯಾಕೆ ಬರೀತಿದ್ದೀನಿ ಅಂದ್ರೆ, ಎರಡು ವರ್ಷದ ಹಿಂದೆ ನನ್ನ ಇಂಟರ್ನ್‌ಶಿಪ್ ದುಡ್ಡಲ್ಲಿ 38,000 ಹೀಗೇ ಹೋಯ್ತು. ಆಗ ನಾನು ಎಷ್ಟು ಟ್ರೈ ಮಾಡಿದ್ದೆ ಅಂತ ನನಗೇ ಗೊತ್ತಿಲ್ಲ. ಎಣಿಸಿರಲೇ ಇಲ್ಲ.

ಜೂನಿಯರ್‌ಗೆ ಕೊನೆಗೆ ಎರಡೇ ಸಾಲು ಕಳಿಸಿದೆ: "ಫೀಸ್ ಕಟ್ಟು ತಮ್ಮಾ. ಸ್ಟ್ರ್ಯಾಟಜಿಯನ್ನ ಇವತ್ತಿಂದ ಪೇಪರ್ ಮೇಲೆ ಓಡಿಸು, ಒಂದಕ್ಷರವೂ ಬದಲಾಯಿಸದೆ." ನಾಳೆಯ ಡೇಟಾವನ್ನ ಇನ್ನೂ ಯಾರೂ ಕೆದಕಿಲ್ಲ.

ಗ್ರೂಪ್‌ನಲ್ಲಿ ಮುಂದಿನ ಸ್ಕ್ರೀನ್‌ಶಾಟ್ ಬಂದಾಗ ಬೆಂಕಿ ಎಮೋಜಿ ಬದಲು ಕೇಳಿ: ಎಷ್ಟನೇದು ಗುರು ಇದು?

#ಎಷ್ಟನೇದುಗುರು #ಬ್ಯಾಕ್‌ಟೆಸ್ಟ್ #ಕನ್ನಡದಲ್ಲಿಸ್ಟ್ಯಾಟಿಸ್ಟಿಕ್ಸ್