ತೂಕ ಏರಿತು, ಕೊಬ್ಬು ಏರಲಿಲ್ಲ

ಶಿರಹಟ್ಟಿ ಕಡೆಯ ಪದವಿ ವಿದ್ಯಾರ್ಥಿಯೊಬ್ಬರು ಪತ್ರ ಬರೆದಿದ್ದಾರೆ. ವಯಸ್ಸು 20, ತೂಕ 82 ಕಿಲೋ. ಬೊಜ್ಜು ಕರಗಿಸಲೆಂದು ಊಟವನ್ನು ಅಳತೆಗೆ ತಂದು, ಗದಗಿನ ಜಿಮ್‌ಗೆ ಹೋಗತೊಡಗಿದರು. ಅಲ್ಲಿ ಯಾರೋ ಹೇಳಿದಂತೆ ಮೊದಲ ಆರು ದಿನ ದಿನಕ್ಕೆ 20 ಗ್ರಾಂ, ಅನಂತರ 3 ಗ್ರಾಂನಂತೆ ಕ್ರಿಯಾಟಿನ್ ಪುಡಿ ತೆಗೆದುಕೊಂಡರು. ವಾರದ ಕೊನೆಗೆ ತಕ್ಕಡಿ 82.9 ತೋರಿಸಿತು. ಮೂರು ವಾರವಾದ ಮೇಲೆ ಮತ್ತೆ ಅದೇ 82. 'ಡಬ್ಬಿ ತಿಪ್ಪೆಗೆ ಎಸೆ ಅಂತಾಳ ನಮ್ಮವ್ವ, ಏನು ಮಾಡ್ಲಿ ಸರ್?' ಎಂಬುದು ಅವರ ಪ್ರಶ್ನೆ.

ಮೊದಲು ಕ್ರಿಯಾಟಿನ್ ಎಂದರೇನೆಂದು ನೋಡೋಣ. ಅದು ಹೊರಗಿನ ಔಷಧಿಯಲ್ಲ. 1832ರಲ್ಲಿ ಫ್ರಾನ್ಸಿನ ಷೆವ್ರಲ್ ಅದನ್ನು ಮಾಂಸದಲ್ಲಿ ಕಂಡುಹಿಡಿದರು. ನಮ್ಮ ದೇಹವೇ ದಿನಕ್ಕೆ ಸುಮಾರು 1 ಗ್ರಾಂ ತಯಾರಿಸುತ್ತದೆ, ಮಾಂಸ ಮೀನು ತಿನ್ನುವವರಿಗೆ ಊಟದಿಂದಲೂ ಅಷ್ಟೋ ಇಷ್ಟೋ ಸಿಗುತ್ತದೆ. ಬಹುಪಾಲು ಸ್ನಾಯುಗಳಲ್ಲಿ ಉಳಿದು, ಭಾರ ಎತ್ತುವಂಥ ಕೆಲವೇ ಸೆಕೆಂಡಿನ ಬಿರುಸಿನ ಕೆಲಸಕ್ಕೆ ಶಕ್ತಿ ಒದಗಿಸುತ್ತದೆ. ರೊಟ್ಟಿ, ಪಲ್ಯ, ಬೇಳೆ ಉಣ್ಣುವ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಈ ದಾಸ್ತಾನು ಕಡಿಮೆ ಇರುವುದರಿಂದ, ಪುಡಿ ತೆಗೆದುಕೊಂಡಾಗ ಅವರಲ್ಲಿ ತುಂಬಿಕೊಳ್ಳಲು ಜಾಗ ಹೆಚ್ಚು.

ಇನ್ನು ನೀರಿನ ಸಂಗತಿ. ಒಣದ್ರಾಕ್ಷಿಯನ್ನು ನೀರಿಗೆ ಹಾಕಿದರೆ ಉಬ್ಬುತ್ತದೆ, ಉಬ್ಬಿದ್ದನ್ನು ಗಟ್ಟಿ ಉಪ್ಪುನೀರಿಗೆ ಹಾಕಿದರೆ ಮತ್ತೆ ಸುಕ್ಕುಗಟ್ಟುತ್ತದೆ. ಪ್ರೌಢಶಾಲೆಯಲ್ಲಿ ನಾವು ಮಾಡಿಸುವ ಪರಾಸರಣದ ಪ್ರಯೋಗವಿದು. ಕರಗಿದ ವಸ್ತು ಎತ್ತ ಹೆಚ್ಚೋ ನೀರು ಅತ್ತ ಹರಿಯುತ್ತದೆ. ರಕ್ತದಿಂದ ಕ್ರಿಯಾಟಿನ್ ಸ್ನಾಯುಕೋಶದೊಳಗೆ ಹೊಕ್ಕಾಗಲೂ ನಡೆಯುವುದು ಇದೇ. ಅದರ ಬೆನ್ನಿಗೆ ನೀರೂ ಒಳಗೆ ಹೋಗುತ್ತದೆ. ದಿನಕ್ಕೆ 20 ಗ್ರಾಂ ತೆಗೆದುಕೊಂಡವರಲ್ಲಿ ಮೊದಲ ದಿನಗಳಲ್ಲಿ ಮೂತ್ರದ ಪ್ರಮಾಣ ತಗ್ಗಿದ್ದು ಪರೀಕ್ಷೆಗಳಲ್ಲಿ ಕಂಡಿದೆ. ಹೀಗೆ ಉಳಿದ ನೀರೇ ಮೊದಲ ವಾರ ಒಂದು, ಒಂದೂವರೆ ಕಿಲೋ ತೂಗುತ್ತದೆ.

ಅದು ಕೊಬ್ಬೇ ಅಲ್ಲವೆಂದು ಹೇಗೆ ಹೇಳುವುದು? ಲೆಕ್ಕ ಹಾಕಿ. ಒಂದು ಕಿಲೋ ಬೊಜ್ಜಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿರುತ್ತದೆ. ಏರಿದ 0.9 ಕಿಲೋ ಬೊಜ್ಜೇ ಆಗಿದ್ದರೆ ಸುಮಾರು 6,900 ಕ್ಯಾಲೊರಿ ಹೆಚ್ಚಾಗಿ ಒಳಗೆ ಹೋಗಿರಬೇಕು. ಅಂದರೆ ಆ ಒಂದೇ ವಾರದಲ್ಲಿ, ದೇಹಕ್ಕೆ ಬೇಕಾದ ಊಟದ ಮೇಲೆ ಮುಕ್ಕಾಲು ಕಿಲೋ ಶೇಂಗಾ ಎಣ್ಣೆ ಕುಡಿದಿರಬೇಕು! ಗದಗಿನ ಮಿರ್ಚಿ ಭಜಿಯನ್ನು ಎಷ್ಟೇ ಪ್ರೀತಿಸಿದರೂ ಅಷ್ಟು ಆಗದು. ಪುಡಿಯಲ್ಲಂತೂ ಲೆಕ್ಕಕ್ಕೆ ಹಿಡಿಯುವಷ್ಟು ಕ್ಯಾಲೊರಿ ಇಲ್ಲ.

ಈ ತರುಣ ದಿನಕ್ಕೆ 500 ಕ್ಯಾಲೊರಿ ಕಡಿಮೆ ಉಣ್ಣುತ್ತಿದ್ದಾರೆ. ವಾರಕ್ಕೆ 3,500 ಆಯಿತು, ಅಂದರೆ ಸುಮಾರು 450 ಗ್ರಾಂ ಬೊಜ್ಜು ಕರಗಬೇಕು. ಮೊದಲ ವಾರ 450 ಗ್ರಾಂ ಹೋಗಿಯೂ ತೂಕ 900 ಗ್ರಾಂ ಏರಿದೆ ಎಂದರೆ, ಸೇರಿದ ನೀರು ಸುಮಾರು 1,350 ಗ್ರಾಂ. ಮುಂದಿನ ಎರಡು ವಾರಗಳಲ್ಲಿ ಹೊಸ ನೀರು ಸೇರಲಿಲ್ಲ, ಬೊಜ್ಜು ಮಾತ್ರ ಕರಗುತ್ತ ಹೋಯಿತು. ತಕ್ಕಡಿ 82.9ರಿಂದ 82.45ಕ್ಕೆ, ಅಲ್ಲಿಂದ 82ಕ್ಕೆ ಬಂತು. ಹೊರಟ ಜಾಗಕ್ಕೇ ಮರಳಿದಂತೆ ಕಂಡರೂ ಒಳಗೆ 1,350 ಗ್ರಾಂ ಬೊಜ್ಜಿನ ಜಾಗದಲ್ಲಿ ಅಷ್ಟೇ ನೀರು ನಿಂತಿದೆ. ಸೊಂಟದ ಸುತ್ತಳತೆ ಎರಡು ಸೆಂಟಿಮೀಟರ್ ಇಳಿದಿದೆಯೆಂದು ಪತ್ರದ ಕೊನೆಯಲ್ಲಿ ಅವರೇ ಬರೆದಿದ್ದಾರೆ. ಉತ್ತರ ಅಲ್ಲೇ ಇತ್ತು, ಅವರ ಕಣ್ಣು ಮಾತ್ರ ತಕ್ಕಡಿಯ ಮೇಲಿತ್ತು.

ಆದ್ದರಿಂದ ಮೊದಲ ವಾರದ ಕೊನೆಯ ತೂಕವನ್ನು ಹೊಸ ಆರಂಭವೆಂದು ಬರೆದಿಟ್ಟುಕೊಳ್ಳಿ. ಮುಂಜಾನೆ ಶೌಚ ಮುಗಿಸಿ, ಏನನ್ನೂ ತಿನ್ನುವ ಮೊದಲು ಒಂದೇ ತಕ್ಕಡಿಯಲ್ಲಿ ತೂಗಿ, ಏಳು ದಿನದ ಸರಾಸರಿ ತೆಗೆಯಿರಿ. ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ವಾರಕ್ಕೊಮ್ಮೆ ಅಳೆಯಿರಿ. ಸ್ನಾಯು ತುಂಬಿದ ಮೇಲೆ ಹೆಚ್ಚಿನ ಕ್ರಿಯಾಟಿನ್ ಮೂತ್ರದಲ್ಲಿ ಹೋಗಿಬಿಡುತ್ತದೆ. ಹಾಗಾಗಿ ಐದನೆಯ ವಾರವೂ ತೂಕ, ಸೊಂಟ ಎರಡೂ ಏರುತ್ತಿದ್ದರೆ ತಪ್ಪು ತಾಟಿನಲ್ಲಿದೆ, ಡಬ್ಬಿಯಲ್ಲಲ್ಲ. ಮೊದಲ ವಾರದ ಏರಿಕೆ ಬೇಡವೆನ್ನುವವರು 20 ಗ್ರಾಂ ಬಿಟ್ಟು ಆರಂಭದಿಂದಲೇ 3 ಗ್ರಾಂ ತೆಗೆದುಕೊಳ್ಳಬಹುದು. ಸುಮಾರು ನಾಲ್ಕು ವಾರದಲ್ಲಿ ಸ್ನಾಯು ಅಷ್ಟೇ ತುಂಬುತ್ತದೆಂದು ಸ್ವೀಡನ್ನಿನ ಹಲ್ಟ್‌ಮನ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದ್ದಾರೆ. ನೀರು ಆಗಲೂ ಸೇರುತ್ತದೆ, ನಿಧಾನವಾಗಿ.

ನೀರು ಸೇರಿತೆಂದು ಕುಡಿಯುವ ನೀರನ್ನು ಕಡಿಮೆ ಮಾಡಬೇಡಿ. ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಾಗ ಬಿದ್ದ ಕುಳಿ ಹಾಗೇ ಉಳಿದರೆ, ಮುಖ ಊದಿಕೊಂಡರೆ, ಅದು ಈ ಬಗೆಯ ನೀರಲ್ಲ. ವೈದ್ಯರಲ್ಲಿಗೆ ಹೋಗಿ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ತುಸು ಹೆಚ್ಚು ಬರಬಹುದಾದ್ದರಿಂದ ಪುಡಿಯ ವಿಷಯವನ್ನು ಅವರಿಗೆ ಮೊದಲೇ ತಿಳಿಸಿ. ಮೂತ್ರಪಿಂಡದ ತೊಂದರೆ ಇರುವವರು ಮತ್ತು 18 ತುಂಬದ ಹುಡುಗರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಕೂಡದು.

ಇನ್ನು ತಾಯಿಯ ಮಾತು. ಡಬ್ಬಿ ಎಸೆದರೆ ನಾಲ್ಕಾರು ವಾರದಲ್ಲಿ ಸ್ನಾಯುವಿನ ದಾಸ್ತಾನು ಹಳೆಯ ಮಟ್ಟಕ್ಕೆ ಬರುತ್ತದೆ, ಆ ನೀರೂ ಹೊರಟುಹೋಗುತ್ತದೆ. ಆಗ ಇಳಿಯುವ ಕಿಲೋವನ್ನೂ ಬೊಜ್ಜಿನ ಲೆಕ್ಕಕ್ಕೆ ಬರೆಯುವಂತಿಲ್ಲ.