ಕ್ಯಾಮೆರಾ ಮುಂದೆ ಮೊದಲ ಸಲ ಕೂತವರಿಗೆ ಯಾವ ಪ್ರಶ್ನೆ ಮೊದಲು?

ನಮ್ಮ ಸಂಘಗಳಿಗೆ ಈಗ ಹಿರಿಯರ ನೆನಪುಗಳನ್ನು ವಿಡಿಯೊ ಮಾಡಿಡುವ ಹುಮ್ಮಸ್ಸು ಬಂದಿದೆ. ಒಳ್ಳೆಯದೇ. ಮೊಬೈಲು, ಸ್ಟ್ಯಾಂಡು, ಕಾಲರ್ ಮೈಕು ಎಲ್ಲ ಸುಲಭವಾಗಿ ಸಿಗುತ್ತವೆ, ಮಾತು ಮಾತ್ರ ಸಿಗುವುದಿಲ್ಲ. ಮನೆಯಲ್ಲಿ ಗಂಟೆಗಟ್ಟಲೆ ಹರಟುವವರು ಕ್ಯಾಮೆರಾ ಕಂಡೊಡನೆ ಸನ್ಮಾನಕ್ಕೆ ಉತ್ತರ ಕೊಡಲು ನಿಂತವರಂತಾಗುತ್ತಾರೆ. "ನಾನು ಹುಟ್ಟಿದ್ದು" ಹೋಗಿ "ನಾನು ಜನಿಸಿದ್ದು" ಬಂದರೆ ಅವರು ಹೆದರಿದ್ದಾರೆಂದೇ ಲೆಕ್ಕ. ದನಿ ನಡುಗುವುದಕ್ಕಿಂತ ಈ ಪುಸ್ತಕದ ಕನ್ನಡವೇ ನನಗೆ ಖಚಿತವಾದ ಗುರುತು.

ಈಚೆಗೆ ಕುಂದಾಪುರದ ಕಡೆಯ ಒಬ್ಬ ಹಿರಿಯರನ್ನು ಮಾತಾಡಿಸಿದೆ. 12ನೇ ವಯಸ್ಸಿಗೆ ಮುಂಬೈಗೆ ಬಂದು, ಫೋರ್ಟಿನ ಹೋಟೆಲೊಂದರಲ್ಲಿ ಹಗಲು ದುಡಿದು, ರಾತ್ರಿ ಶಾಲೆಯಲ್ಲಿ ಓದಿದವರು. ನನಗೆ ಬೇಕಿದ್ದದ್ದು ಅವರು ಊರು ಬಿಟ್ಟ ದಿನದ ಕತೆ. ಅದನ್ನೇ ಮೊದಲು ಕೇಳಬೇಕೆಂದು ಅನಿಸುವುದು ಸಹಜ, ಬದುಕಿನ ಕ್ರಮವೂ ಅದೇ ಅಲ್ಲವೇ? ಆದರೆ ಹೆದರಿದವರಿಗೆ ಹುಟ್ಟಿದ ಊರಿನಿಂದ ಶುರುಮಾಡಿದರೆ ಅರ್ಜಿಯ ಕಾಲಂ ತುಂಬಿದಂತೆ ಹೇಳಿ ಮುಗಿಸುತ್ತಾರೆ. ಒಮ್ಮೆ ಹಾಗೆ ಒಪ್ಪಿಸಿದ ಕತೆ ಅವತ್ತು ಮತ್ತೆ ಬಿಚ್ಚಿಕೊಳ್ಳುವುದಿಲ್ಲ. "ಆಗಲೇ ಹೇಳಿದೆನಲ್ಲ" ಎನ್ನುತ್ತಾರೆ.

ಇದೇ ಕಾರಣಕ್ಕೆ ಹಿಂದಿನ ದಿನ ಫೋನಿನಲ್ಲಿ ವಿಷಯ ಮಾತ್ರ ಹೇಳಿದ್ದೆ: ಹೋಟೆಲು, ರಾತ್ರಿ ಶಾಲೆ, ಊರು. ಪ್ರಶ್ನೆಗಳನ್ನು ಬರೆದು ಕಳಿಸಿದರೆ ಉತ್ತರವನ್ನು ಬಾಯಿಪಾಠ ಮಾಡಿಬಿಡುತ್ತಾರೆ. ಅವರು ಫೋನಿನಲ್ಲೇ ಕತೆ ಶುರುಮಾಡಿದಾಗ "ನಾಳೆಗೆ ಇಟ್ಟುಕೊಳ್ಳಿ, ನಾನೂ ಮೊದಲ ಸಲವೇ ಕೇಳುತ್ತೇನೆ" ಎಂದು ತಡೆದೆ. ಬೇಡವೆನಿಸಿದ್ದನ್ನು ಹೇಳಬೇಕಿಲ್ಲ, ಹೇಳಿದ ಮೇಲೆ ಬೇಡವೆನಿಸಿದರೆ ತೆಗೆಯುತ್ತೇನೆ ಎಂದೂ ತಿಳಿಸಿದೆ. ಈ ಮಾತನ್ನು ಮೊದಲೇ ಹೇಳಬೇಕು. ಮುಗಿದ ಮೇಲೆ ಹೇಳಿದರೆ ಅವರ ಹೆದರಿಕೆಗೆ ಪ್ರಯೋಜನವಿಲ್ಲ.

ಮನೆಗೆ ಹೋದವನೇ ಮೈಕು ಸಿಕ್ಕಿಸಿ ಆಮೇಲೆ ಚಹಾಕ್ಕೆ ಕೂತೆ. ಚಹಾ ಮುಗಿಯುವಷ್ಟರಲ್ಲಿ ಅದು ಅವರಿಗೆ ಮರೆತಿತ್ತು. ಲೆನ್ಸಿನ ಪಕ್ಕಕ್ಕೇ, ಅವರ ಕಣ್ಣಿನ ಎತ್ತರಕ್ಕೆ ಕೂತು "ನನ್ನನ್ನು ನೋಡಿ ಮಾತಾಡಿ, ಅದು ಅದರ ಪಾಡಿಗಿರಲಿ" ಎಂದೆ. ಪಕ್ಕದಿಂದ "ಅಪ್ಪ, ಅದನ್ನೂ ಹೇಳಿ" ಎಂದು ನೆನಪಿಸುತ್ತಿದ್ದ ಮಗನನ್ನು ಒಳಗೆ ಕಳಿಸಿದೆ. (ಮಕ್ಕಳು ಎದುರಿಗಿದ್ದರೆ ಹಿರಿಯರು ಮಕ್ಕಳಿಗೆ ಒಪ್ಪುವ ಕತೆಯನ್ನೇ ಹೇಳುತ್ತಾರೆ.) "ಶುರು" ಎಂದು ಕೂಗಲಿಲ್ಲ.

ದನಿಯ ಮಟ್ಟ ನೋಡಲು ಹೆಸರು, ಊರು ಕೇಳಿದೆ. ಜನಿಸಿದ್ದೇ ಬಂತು. ತಿದ್ದಲಿಲ್ಲ. "ಸಹಜವಾಗಿ ಮಾತಾಡಿ" ಎಂದರೆ ಇನ್ನಷ್ಟು ಬಿಗಿಯಾಗುತ್ತಾರೆ. ಬದಲಿಗೆ, "ಬೆಳಗ್ಗೆ ಹೋಟೆಲಿನಲ್ಲಿ ನಿಮ್ಮ ಮೊದಲ ಕೆಲಸ ಏನು? ಹೇಗೆ ಮಾಡುತ್ತಿದ್ದಿರಿ, ತೋರಿಸಿ" ಎಂದೆ. ಹಿಟ್ಟು ರುಬ್ಬುವುದು. ಬಲಗೈ ತಾನಾಗಿ ಮುಂದೆ ಬಂದು ತಿರುಗತೊಡಗಿತು. ಕೈ ಆಡಿದೊಡನೆ ಭುಜ ಇಳಿಯಿತು, ಉಸಿರು ಸಲೀಸಾಯಿತು, "ಎಂತ ಹೇಳುದು ಮಾರಾಯ್ರೆ" ಬಂತು. ಕೈಗೆ ಗೊತ್ತಿರುವ ಕೆಲಸಕ್ಕೆ ಸರಿ ಉತ್ತರ ತಪ್ಪು ಉತ್ತರ ಎಂಬುದಿಲ್ಲ, ಹಾಗಾಗಿ ಹೆದರುವುದಕ್ಕೆ ಕಾರಣವೂ ಇಲ್ಲ. ಅಡುಗೆ ಮಾಡುವವರಾಗಿದ್ದರೆ ಒಗ್ಗರಣೆಯಿಂದ, ಹೊಲಿಯುವವರಾಗಿದ್ದರೆ ಸೂಜಿಗೆ ದಾರ ಪೋಣಿಸುವುದರಿಂದ ಶುರುಮಾಡಿಯೇನು.

ಮುಂದಿನ ಪ್ರಶ್ನೆಗಳೂ ಕಣ್ಣಿಗೆ ಕಾಣುವಂಥವು: ಶಾಲೆಯಲ್ಲಿ ಎಲ್ಲಿ ಕೂರುತ್ತಿದ್ದಿರಿ, ಪಕ್ಕದಲ್ಲಿ ಯಾರು, ನಿದ್ದೆ ಬಂದರೆ ಏನು ಮಾಡುತ್ತಿದ್ದಿರಿ. "ಕಷ್ಟವಾಯಿತಾ?" ಎಂದು ಕೇಳಲಿಲ್ಲ. ಅದಕ್ಕೆ ಉತ್ತರ "ಹೌದು" ಅಷ್ಟೇ. ನನ್ನ ದನಿ ಕತ್ತರಿಸಿ ತೆಗೆದ ಮೇಲೆ ಆ "ಹೌದು" ಯಾತಕ್ಕೂ ಬಾರದು. ಕನ್ನಡದಲ್ಲಿ ಕರ್ತೃಪದವಿಲ್ಲದೆಯೂ ವಾಕ್ಯ ನಡೆಯುವುದರಿಂದ ಈ ತೊಂದರೆ ಹೆಚ್ಚು. "ಬರೆದೆ, ಬರಲಿಲ್ಲ" ಎಂದರೆ ಏನು ಬರೆದದ್ದು, ಏನು ಬಾರದ್ದು? ಪೂರ್ತಿ ವಾಕ್ಯದಲ್ಲಿ ಹೇಳಿ ಎಂದರೆ ಮತ್ತೆ ಭಾಷಣ. ಹಾಗಾಗಿ "ಊರಿಗೆ ಬರೆದ ಮೊದಲ ಕಾಗದದ ಬಗ್ಗೆ ಹೇಳಿ" ಎಂದೆ. "ಮೊದಲ ಕಾಗದ ನಾನು ಅಮ್ಮನಿಗೆ ಬರೆದದ್ದು" ಎಂದು ನನ್ನ ಮಾತಿನ ತುದಿಯನ್ನು ಹಿಡಿದೇ ಶುರುಮಾಡಿದರು.

ಅಮ್ಮನಿಗೆ ಓದಲು ಬರುತ್ತಿರಲಿಲ್ಲ, ಯಾರು ಓದಿ ಹೇಳಿದರೋ ಗೊತ್ತಿಲ್ಲ ಎಂದು ಸುಮ್ಮನಾದರು. ಇಲ್ಲಿ ಮುಂದಿನ ಪ್ರಶ್ನೆ ಹಾಕಿದರೆ ಕೆಟ್ಟಿತು. ಹ್ಞೂಂಗುಟ್ಟಲೂ ಇಲ್ಲ, ಅದೂ ಮೈಕಿಗೆ ಬೀಳುತ್ತದೆ. ತಲೆಯಾಡಿಸಿ ಮನಸ್ಸಿನಲ್ಲೇ ಐದರವರೆಗೆ ಎಣಿಸಿದೆ. ಕಣ್ಣು ನನ್ನ ಕಡೆಗಿದ್ದರೆ ಮುಗಿಯಿತೆಂದು ಅರ್ಥ, ಬೇರೆಲ್ಲೋ ನೆಟ್ಟಿದ್ದರೆ ಇನ್ನೂ ಇದೆ. ಅವರ ಕಣ್ಣು ನೆಲದ ಮೇಲಿತ್ತು. ಊರು ಬಿಟ್ಟ ದಿನದ ಕತೆ, ನಾನು ಕೇಳದೆಯೇ, ಅಲ್ಲಿಂದ ಬಂತು. ಕೊನೆಯ ಸಲ ತಿರುಗಿ ನೋಡಿದಾಗ ಅಮ್ಮ ಬಾಗಿಲಲ್ಲಿ ಇರಲಿಲ್ಲವಂತೆ. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲವಂತೆ.

ಅಲ್ಲಿಗೇ ನಿಲ್ಲಿಸಿ ಎದ್ದು ಹೋಗುವುದು ಸರಿಯಲ್ಲ. ಮತ್ತೆ ಹಗುರವಾದದ್ದಕ್ಕೆ ಕರೆತರಬೇಕು. ಮೊದಲ ಸಂಬಳದಲ್ಲಿ ಏನು ಕೊಂಡಿರಿ ಎಂದು ಕೇಳಿ ನಗಿಸಿದೆ. ಕಟ್ಟಕಡೆಗೆ, ಹೆಸರು ಊರು ಇನ್ನೊಮ್ಮೆ ಹೇಳಿಬಿಡಿ ಎಂದೆ. ಈ ಸಲ ಜನಿಸಲಿಲ್ಲ, ಹುಟ್ಟಿದರು. ವಿಡಿಯೊದ ಆರಂಭಕ್ಕೆ ಇದನ್ನೇ ಹಾಕಿದೆ. ಬಾಗಿಲಿನ ಮಾತನ್ನು ಇಡಲೋ ಬೇಡವೋ ಎಂದು ವಾರ ಬಿಟ್ಟು ಫೋನು ಮಾಡಿ ಕೇಳಿದಾಗ, ಮಗನಿಗೆ ತಾವೇ ಮೊದಲು ಹೇಳುತ್ತೇನೆ, ಆಮೇಲೆ ಹಾಕಿ ಎಂದರು.