ಕೇಬಲ್ ಸಾಯುವುದು ಕುತ್ತಿಗೆಯಲ್ಲೇ

ಈ ವರ್ಷ ನನ್ನ ಮೂರನೇ ಚಾರ್ಜಿಂಗ್ ಕೇಬಲ್ ಹೋಯಿತು. ಮೂರೂ ಕೈಕೊಟ್ಟದ್ದು ಒಂದೇ ಜಾಗದಲ್ಲಿ, ಫೋನಿಗೆ ಹಾಕುವ ಪಿನ್ನಿನ ಪಕ್ಕದಲ್ಲಿ. 'ಡೂಪ್ಲಿಕೇಟ್ ಮಾಲು' ಎಂದು ಅಂಗಡಿಯ ಭಾಯ್‌ಗೆ ಬೈಯುವುದು ನಮ್ಮೆಲ್ಲರ ರೂಢಿ. ಈ ಸಲ ಬ್ಲೇಡಿನಿಂದ ಸೀಳಿ ನೋಡಿದೆ. ತಪ್ಪಿನಲ್ಲಿ ನನ್ನ ಪಾಲೂ ಇತ್ತು.

ನಡುಭಾಗದ ತಾಮ್ರದ ಎಳೆಗಳು ಹೊಸದರಂತೆಯೇ ಇದ್ದವು. ಪಿನ್ನಿನ ಗಟ್ಟಿ ಪ್ಲಾಸ್ಟಿಕ್ ಮುಗಿಯುವ ಗೆರೆಯಲ್ಲಿ ಮಾತ್ರ ಕೆಂಪು ವೈರಿನ ಎಳೆಗಳು ತುಂಡಾಗಿದ್ದವು. ಕೇಬಲ್ ನಡುವೆ ಬಾಗಿದರೆ ಆ ಬಾಗು ಉದ್ದಕ್ಕೂ ಹಂಚಿಹೋಗುತ್ತದೆ. ಪಿನ್ನಿನ ಬಳಿ ಒಂದು ಕಡೆ ಬಾಗದ ಪ್ಲಾಸ್ಟಿಕ್, ಇನ್ನೊಂದು ಕಡೆ ಮೆತ್ತನೆಯ ವೈರು. ಹಾಗಾಗಿ ಅಷ್ಟೂ ಬಾಗು ಒಂದೇ ಗೆರೆಯ ಮೇಲೆ ಬೀಳುತ್ತದೆ.

ಲೆಕ್ಕ ಸುಲಭ. ಎಳೆಯ ತ್ರಿಜ್ಯವನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿದರೆ ಅದರ ಹೊರಮೈ ಎಷ್ಟು ಹಿಗ್ಗಿತು ಎಂದು ಸಿಗುತ್ತದೆ. 0.1 ಮಿ.ಮೀ. ದಪ್ಪದ ಎಳೆ 50 ಮಿ.ಮೀ. ತ್ರಿಜ್ಯದಲ್ಲಿ ಬಾಗಿದರೆ ಹಿಗ್ಗುವುದು ಶೇ. 0.1. ಅದೇ 5 ಮಿ.ಮೀ. ಆದರೆ ಶೇ. 1. ಅಷ್ಟು ಹಿಗ್ಗಿದ ತಾಮ್ರ ತಾನಾಗಿ ಮೊದಲಿನಂತಾಗುವುದಿಲ್ಲ. ಮತ್ತೆ ಮತ್ತೆ ಬಾಗಿಸಿದರೆ ಗಡುಸಾಗಿ, ಬಿರುಕುಬಿಟ್ಟು ಮುರಿಯುತ್ತದೆ.

ಪಿನ್ನಿನ ಹಿಂದಿರುವ ರಬ್ಬರ್ ಬಾಲಕ್ಕೆ ಸ್ಟ್ರೇನ್ ರಿಲೀಫ್ ಎಂದು ಹೆಸರು. ಗಟ್ಟಿಯಿಂದ ಮೆತ್ತಗೆ ನಿಧಾನವಾಗಿ ಇಳಿಸಿ, ಬಾಗನ್ನು ಅಗಲ ಮಾಡುವುದು ಅದರ ಕೆಲಸ. ಆದ್ದರಿಂದ ಕೇಬಲ್ ಕೊಳ್ಳುವಾಗ ಬಣ್ಣ, ಬಟ್ಟೆಯ ಹೊದಿಕೆಗಿಂತ ಈ ಬಾಲವನ್ನು ನೋಡಬೇಕು ಎಂಬುದು ನನ್ನ ವಾದ. ಅದು ಉದ್ದವಾಗಿ, ತುದಿಗೆ ಸಣ್ಣಗಾಗುತ್ತಾ ಹೋಗಿರಬೇಕು. ಕೈಯಲ್ಲಿ ಬಾಗಿಸಿದಾಗ ಬಾಲವೂ ಕಮಾನಿನಂತೆ ಬಾಗಬೇಕು. ಅದು ಕಡ್ಡಿಯಂತೆ ನಿಂತು ವೈರು ಮಾತ್ರ ಮಡಚಿದರೆ ಬಿಟ್ಟುಬಿಡಿ. ಹಲವರು ಪೆನ್ನಿನ ಸ್ಪ್ರಿಂಗ್ ಸುತ್ತುತ್ತಾರೆ. ಅದು ಪಿನ್ನಿನ ಪ್ಲಾಸ್ಟಿಕ್ಕನ್ನೂ ಹಿಡಿದುಕೊಂಡಿದ್ದರೆ ಮಾತ್ರ ಸ್ವಲ್ಪ ಉಪಯೋಗ. ಬಿಗಿಯಾಗಿ ಸುತ್ತಿದ ಟೇಪು ಮುರಿಯುವ ಜಾಗವನ್ನು ಮುಂದಕ್ಕೆ ತಳ್ಳುತ್ತದೆ, ಅಷ್ಟೆ.

ಆದರೆ ಎಂಥ ಬಾಲವಾದರೂ ನಮ್ಮ ಒಂದು ಅಭ್ಯಾಸವನ್ನು ತಡೆಯಲಾರದು. ಚಾರ್ಜಿಗೆ ಹಾಕಿ ಮಲಗಿ, ಫೋನನ್ನು ಪಿನ್ನಿನ ಮೇಲೆಯೇ ಎದೆಗೆ ನಿಲ್ಲಿಸಿಕೊಳ್ಳುತ್ತೇವೆ. ನನ್ನ ಮೂರು ಕೇಬಲ್ ಸತ್ತದ್ದು ಹೀಗೆಯೇ. ಪ್ಲಗ್ಗಿನಿಂದ ದೂರವಿದ್ದರೆ ಉದ್ದದ ಕೇಬಲ್ ಬಳಸಿ. ಕೀಳುವಾಗ ವೈರನ್ನಲ್ಲ, ಪಿನ್ನನ್ನು ಹಿಡಿಯಿರಿ.

'ಹೀಗೆ ಓರೆ ಹಿಡಿದರೆ ಚಾರ್ಜ್ ಆಗುತ್ತದೆ' ಎನ್ನುವ ಹಂತಕ್ಕೆ ಬಂದ ಕೇಬಲ್‌ನಲ್ಲಿ ಎಳೆಗಳು ಆಗಲೇ ಮುರಿದಿರುತ್ತವೆ. ಫೋನಿನದಾದರೆ ಬದಲಿಸಿ. ಇಸ್ತ್ರಿಪೆಟ್ಟಿಗೆಯ ವೈರಿನಲ್ಲಿ ಇದು ಕಂಡರೆ, ಅಥವಾ ಕುತ್ತಿಗೆ ಬಿಸಿಯಾದರೆ, ಆ ಕ್ಷಣವೇ ಸ್ವಿಚ್ ಆಫ್ ಮಾಡಿ. ಉಳಿದ ನಾಲ್ಕು ಎಳೆಗಳ ಮೇಲೆ ಇಡೀ ಕರೆಂಟು ಹರಿದರೆ ಬೆಂಕಿ ಹತ್ತಬಹುದು. ಅದಕ್ಕೆ ಟೇಪು ಪರಿಹಾರವಲ್ಲ.